ರೆಫರೆನ್ಸ್ ಕೊಡುವ ಮುನ್ನ ಒಂದು ಕರೆ ಮಾಡಿ

ನಿಮ್ಮ ಕೆಲಸದ ಬಗ್ಗೆ ಹೊಸ ಕಂಪನಿಗೆ ಹೇಳಬಲ್ಲ ರೆಫರೆನ್ಸ್ ವ್ಯಕ್ತಿಯ ಹೆಸರು, ಮೊಬೈಲ್ ಸಂಖ್ಯೆಯನ್ನು ರೆಸ್ಯೂಮೆಯಲ್ಲೇ ಹಾಕಬೇಡಿ. ಸಂದರ್ಶನ ಮುಗಿದು ನೇಮಕಾತಿಯವರು ಕೇಳಿದಾಗ ಕೊಟ್ಟರೆ ಸಾಕು. ದೊಡ್ಡ ಹುದ್ದೆಯವರಿಗಿಂತ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದ ಹಳೆಯ ಟೀಮ್ ಲೀಡರ್ ಮೇಲು. ಈಗಿನ ಮ್ಯಾನೇಜರ್ ಹೆಸರನ್ನು ಆಫರ್ ಪತ್ರ ಕೈಸೇರುವವರೆಗೂ ಕೊಡಬೇಡಿ.

ನಾನೊಮ್ಮೆ ಹಳೆಯ ಮೇಲಧಿಕಾರಿಗೆ ಹೇಳದೆಯೇ ಅವರ ಸಂಖ್ಯೆ ಕೊಟ್ಟಿದ್ದೆ. ಅಪರಿಚಿತ ಕರೆಯೆಂದು ಅವರು ಮೂರು ಸಲವೂ ಎತ್ತಲಿಲ್ಲ. ನನ್ನ ನೇಮಕಾತಿ ಒಂದು ವಾರ ತಡವಾಯಿತು. ಈಗ ರೆಫರೆನ್ಸ್ ಆಗುವವರಿಗೆ ಮೊದಲು ಕರೆ ಮಾಡಿ ಒಪ್ಪಿಗೆ ಕೇಳುತ್ತೇನೆ. ಅವರ ದನಿಯಲ್ಲಿ ಹಿಂಜರಿಕೆ ಕಂಡರೆ ಬೇರೆಯವರನ್ನು ಹುಡುಕುತ್ತೇನೆ. ಒಪ್ಪಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕೇ ಸಾಲು ಕಳುಹಿಸುತ್ತೇನೆ: ಹೊಸ ಹುದ್ದೆ, ಕರೆ ಮಾಡುವ ಕಂಪನಿ, ನಾವು ಜೊತೆಗಿದ್ದ ತಿಂಗಳು ಮತ್ತು ವರ್ಷ, ಅವರು ಕಣ್ಣಾರೆ ಕಂಡ ನನ್ನ ಎರಡು ಕೆಲಸಗಳು. ದಿನಾಂಕ ರೆಸ್ಯೂಮೆಯಲ್ಲಿ ಇರುವಂತೆಯೇ ಇರಲಿ, ಏಕೆಂದರೆ ಪರಿಶೀಲಿಸುವವರು ಅದನ್ನು ಸಾಮಾನ್ಯವಾಗಿ ಕೇಳುತ್ತಾರೆ.