ಧ್ವನಿ ಒಡೆದು ಮೂರು ವಾರ ಆಯ್ತಾ? ಮಾತ್ರೆ ಬದಲಾಯಿಸೋ ಮುಂಚೆ ಒಳಗೆ ನೋಡಿಸಿ

ನೆಗಡಿ ಬಂದಾಗ ಗಂಟಲು ಕಟ್ಟೋದು, ಜಾತ್ರೇಲೋ ಮದುವೆ ಮನೇಲೋ ಕೂಗಾಡಿ ಮಾರನೇ ದಿನ ಧ್ವನಿ ಹೋಗೋದು ಎಲ್ಲರಿಗೂ ಆಗಿರತ್ತೆ. ಅದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗೇ ಸರಿ ಹೋಗತ್ತೆ. ಮೂರು ವಾರ ದಾಟಿದ್ರೂ ಧ್ವನಿ ಒಡೆದೇ ಇದ್ರೆ ಅದನ್ನ ನೆಗಡಿ ಲೆಕ್ಕಕ್ಕೆ ಹಾಕ್ಬೇಡಿ, ಇಎನ್‌ಟಿ ಡಾಕ್ಟರ್ ಹತ್ರ ಹೋಗಿ. ಹೀಗೆ ಬರೋರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ಲ, ಅದು ನಿಜ. ಆದ್ರೆ ಯಾರಿಗಿದೆ ಯಾರಿಗಿಲ್ಲ ಅಂತ ಧ್ವನಿ ಕೇಳಿ ಹೇಳೋಕೆ ಎಂಥಾ ಅನುಭವಿ ಡಾಕ್ಟರಿಗೂ ಆಗಲ್ಲ.

ಯಾಕೆ ಅಂದ್ರೆ, ಧ್ವನಿಪೆಟ್ಟಿಗೆ ಒಳಗೆ ಎರಡು ಧ್ವನಿತಂತು ಇರ್ತವೆ, ಮಾತಾಡುವಾಗ ಅವು ಒಂದಕ್ಕೊಂದು ಸೇರಿ ಬಿಟ್ಟು ಸೇರಿ ಬಿಟ್ಟು ಕಂಪಿಸ್ತವೆ, ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಹೆಚ್ಚುಕಮ್ಮಿ ಇನ್ನೂರು ಸಲ. ಆ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಊತ ಬಂದ್ರೂ ಎರಡೂ ಸರಿಯಾಗಿ ಮುಚ್ಚಲ್ಲ, ಗಾಳಿ ಸೋರತ್ತೆ, ಧ್ವನಿ ಒಡೆಯತ್ತೆ. ಊತ ಬರೋಕೆ ಕಾರಣ ಏನೇ ಇರಲಿ, ಕೇಳೋಕೆ ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ.

ಇಬ್ಬರನ್ನ ಎದುರಿಗೆ ಇಟ್ಕೊಂಡು ನೋಡೋಣ. ಒಬ್ಬರು 34 ವರ್ಷದ ಪ್ರೈಮರಿ ಸ್ಕೂಲ್ ಮೇಡಂ, ಎರಡು ಕ್ಲಾಸಿನ ಮಕ್ಕಳನ್ನ ಒಂದೇ ರೂಮಲ್ಲಿ ಕೂರಿಸಿಕೊಂಡು ಪಾಠ ಮಾಡೋರು. ಇನ್ನೊಬ್ಬರು 54 ವರ್ಷದ ಬಸ್ ಕಂಡಕ್ಟರ್, ಚಿಕ್ಕ ವಯಸ್ಸಿಂದ ಬೀಡಿ ಸೇದ್ತಿರೋರು. ಇಬ್ಬರಿಗೂ ಧ್ವನಿ ಒಡೆದಿದೆ, ಇಬ್ಬರಿಗೂ ನೋವಿಲ್ಲ, ಇಬ್ಬರಿಗೂ ಆಗಾಗ ಹುಳಿ ತೇಗು ಬರತ್ತೆ. ಮೆಡಿಕಲ್ ಶಾಪಲ್ಲಿ ಇಬ್ಬರಿಗೂ ಸಿಗೋದು ಅದೇ ಆ್ಯಂಟಿಬಯೋಟಿಕ್, ಅದೇ ಗ್ಯಾಸ್ ಮಾತ್ರೆ.

ಮೊದಲು: ಗಮನಿಸಿ, ಬರೆದಿಡಿ

ಧ್ವನಿ ಯಾವತ್ತಿಂದ ಕೆಟ್ಟಿದೆ, ದಿನದ ಯಾವ ಹೊತ್ತಲ್ಲಿ ಜಾಸ್ತಿ, ಮಧ್ಯೆ ಯಾವತ್ತಾದ್ರೂ ಪೂರ್ತಿ ಸರಿ ಹೋಗಿತ್ತಾ, ಇಷ್ಟು ಬರೆದಿಟ್ಕೊಂಡ್ರೆ ಸಾಕು. ಮೇಡಂಗೆ ಬೆಳಿಗ್ಗೆ ಪರವಾಗಿಲ್ಲ, ಸಂಜೆಗೆ ಧ್ವನಿ ಎಳೆಯತ್ತೆ, ರಜೆಯಲ್ಲಿ ಸುಧಾರಿಸತ್ತೆ, ಅಂದ್ರೆ ಧ್ವನಿ ಮೇಲೆ ಭಾರ ಬಿದ್ದಿರೋ ಲಕ್ಷಣ. ಬೆಳಿಗ್ಗೆ ಎದ್ದಾಗಲೇ ಜಾಸ್ತಿ, ಪದೇ ಪದೇ ಗಂಟಲು ಕೆಮ್ಮಿ ಸರಿ ಮಾಡ್ಕೋಬೇಕು ಅನ್ಸತ್ತೆ, ಏನೋ ಸಿಕ್ಕಿಕೊಂಡ ಹಾಗೆ ಇದೆ ಅಂದ್ರೆ ಹೊಟ್ಟೆಯ ಆಸಿಡ್ ಮೇಲೆ ಬರ್ತಿರಬಹುದು, ಇದಕ್ಕೆ ಎದೆ ಉರಿ ಇರಲೇಬೇಕು ಅಂತೇನಿಲ್ಲ. ಕಂಡಕ್ಟರ್‌ದು ಇಡೀ ದಿನ ಒಂದೇ ಥರ, ರಜೆಯಲ್ಲೂ ಅಷ್ಟೇ, ವಾರದಿಂದ ವಾರಕ್ಕೆ ಇನ್ನಷ್ಟು ಗಡಸು. ಇವೆಲ್ಲ ಸುಳಿವು ಮಾತ್ರ, ಇಷ್ಟರ ಮೇಲೆ ತೀರ್ಮಾನ ಮಾಡೋ ಹಾಗಿಲ್ಲ.

ಮೂರು ವಾರ ಕೂಡ ಕಾಯಬಾರದ ಕೆಲವು ಸಂದರ್ಭ ಇವೆ. ನುಂಗೋಕೆ ಕಷ್ಟ, ಉಗುಳಲ್ಲಿ ರಕ್ತ, ಕತ್ತಲ್ಲಿ ಗಂಟು, ಒಂದೇ ಕಡೆ ಕಿವಿ ನೋವು, ಕಾರಣ ಇಲ್ಲದೆ ತೂಕ ಇಳಿಯೋದು, ಥೈರಾಯ್ಡ್ ಅಥವಾ ಕತ್ತಿನ ಆಪರೇಷನ್ ಆದ ಮೇಲೆ ಧ್ವನಿ ಹೋಗೋದು, ಇವುಗಳಲ್ಲಿ ಯಾವುದಿದ್ರೂ ಬೇಗ ತೋರಿಸಿ. ಉಸಿರು ಎಳೆಯುವಾಗ ಶಬ್ದ ಬರ್ತಿದ್ರೆ, ಉಸಿರಾಡೋಕೇ ಕಷ್ಟ ಆಗ್ತಿದ್ರೆ ಅಪಾಯಿಂಟ್‌ಮೆಂಟ್ ನೋಡ್ಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಡಾಕ್ಟರ್ ನೋಡೋ ತನಕ

ಕೂಗಬೇಡಿ, ಕಡಿಮೆ ಮಾತಾಡಿ, ಆದ್ರೆ ಪಿಸುಗುಟ್ಟಬೇಡಿ. ಒತ್ತಿ ಪಿಸುಮಾತಾಡಿದ್ರೆ ಗಂಟಲಿನ ಸ್ನಾಯು ಬಿಗಿಯಾಗಿ ಇನ್ನೂ ದಣಿಯತ್ತೆ, ಅದಕ್ಕೆ ಮೆತ್ತಗೆ, ಸಹಜ ಧ್ವನಿಯಲ್ಲಿ ಹತ್ತಿರ ಹೋಗಿ ಮಾತಾಡೋದೇ ವಾಸಿ. ಗಂಟಲು ಕೆರೆದು ಕೆಮ್ಮೋ ಬದಲು ಒಂದು ಗುಟುಕು ನೀರು ಕುಡೀರಿ. ಬೀಡಿ ಸಿಗರೇಟು ಇವತ್ತೇ ನಿಲ್ಲಿಸಿ, ಒಬ್ಬರಿಗೇ ಆಗಲ್ಲ ಅಂದ್ರೆ 1800-11-2356 ಸಹಾಯವಾಣಿಗೆ ಫೋನ್ ಮಾಡಿ. ಆಸ್ತಮಾಗೆ ಸ್ಟಿರಾಯ್ಡ್ ಇನ್‌ಹೇಲರ್ ತಗೊಳೋರಿಗೂ ಧ್ವನಿ ಒಡೆಯಬಹುದು, ಅವರು ಇನ್‌ಹೇಲರ್ ಬಿಡಬಾರದು, ಪ್ರತಿ ಸಲ ಬಾಯಿ ಮುಕ್ಕಳಿಸಿ, ಡಾಕ್ಟರಿಗೆ ವಿಷಯ ಹೇಳ್ಬೇಕು.

ಕ್ಯಾಮೆರಾ ಹಾಕಿ ನೋಡೋದು ಹೇಗೆ

ತುಂಬಾ ಜನ ಹೆದರೋದು ಇದಕ್ಕೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಒಪಿಡಿಯಲ್ಲೇ ಕುರ್ಚಿ ಮೇಲೆ ಕೂರಿಸಿ ಮಾಡ್ತಾರೆ, ಅಡ್ಮಿಟ್ ಆಗ್ಬೇಕಿಲ್ಲ. ಮೂಗಿಗೋ ಗಂಟಲಿಗೋ ಮರಗಟ್ಟೋ ಸ್ಪ್ರೇ ಹೊಡೀತಾರೆ, ಕಹಿಯಾಗಿರತ್ತೆ, ನುಂಗುವಾಗ ಏನೂ ಗೊತ್ತಾಗದ ಹಾಗೆ ಅನ್ಸತ್ತೆ, ಗಾಬರಿ ಬೇಡ. ಆಮೇಲೆ ತೆಳ್ಳಗಿನ ಬಾಗೋ ಸ್ಕೋಪನ್ನ ಮೂಗಿಂದ ಇಳಿಸ್ತಾರೆ, ಇಲ್ಲಾಂದ್ರೆ ನಾಲಿಗೆ ಹೊರಗೆ ಹಿಡಿದು ಬಾಯಿಂದ ನೇರ ಸ್ಕೋಪ್ ಹಾಕ್ತಾರೆ. 'ಈ... ಅನ್ನಿ, ಈಗ ಉಸಿರು ಎಳೀರಿ' ಅಂತಾರೆ, ಯಾಕಂದ್ರೆ 'ಈ' ಅನ್ನುವಾಗ ತಂತುಗಳು ಸೇರಬೇಕು, ಉಸಿರೆಳೆದಾಗ ಬಿಚ್ಚಬೇಕು, ಎರಡೂ ಕಡೆ ಸರಿಸಮ ಓಡಾಡ್ತಿದೆಯಾ ಅನ್ನೋದು ಅದರಲ್ಲೇ ಕಾಣತ್ತೆ. ಸಾಮಾನ್ಯವಾಗಿ ಕೆಲವೇ ನಿಮಿಷದ ಕೆಲಸ. ಮರಗಟ್ಟಿದ್ದು ಬಿಡೋ ತನಕ, ಸುಮಾರು ಒಂದು ಗಂಟೆ, ಏನೂ ತಿನ್ನಬೇಡಿ ಕುಡಿಯಬೇಡಿ, ಉಸಿರಿನ ದಾರಿಗೆ ಹೋಗಬಹುದು.

ಕಂಡದ್ದರ ಮೇಲೆ ಚಿಕಿತ್ಸೆ

ಮೇಡಂಗೆ ಎರಡೂ ತಂತಿನ ಮೇಲೆ ಎದುರುಬದುರು ಪುಟ್ಟ ಗಂಟು ಕಂಡಿದೆ ಅಂದ್ಕೊಳ್ಳಿ. ಜೋರಾಗಿ ಮಾತಾಡುವಾಗ ಹೆಚ್ಚು ತಾಗೋ ಜಾಗದಲ್ಲೇ ಅದು ಬರೋದು, ಕ್ಯಾನ್ಸರ್ ಅಲ್ಲ. ಇದಕ್ಕೆ ಮೊದಲ ಚಿಕಿತ್ಸೆ ವಾಯ್ಸ್ ಥೆರಪಿ, ಹೆಚ್ಚಿನವರಿಗೆ ಆಪರೇಷನ್ ಬೇಕಾಗಲ್ಲ. ಉಸಿರು ಎಲ್ಲಿಂದ ತಗೋಬೇಕು, ಕೂಗದೆ ಕೊನೇ ಬೆಂಚಿಗೆ ಹೇಗೆ ಕೇಳಿಸಬೇಕು ಅಂತ ವಾರಗಟ್ಟಲೆ ಅಭ್ಯಾಸ ಮಾಡಿಸ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರಿಣತರಿದ್ದಾರೆ, ಟೀಚರ್‌ಗಳು ಅಲ್ಲಿಗೆ ಒಮ್ಮೆ ಹೋಗಿ ಬಂದ್ರೆ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಆಸಿಡ್ ತೊಂದರೆಗೆ ರಾತ್ರಿ ಊಟ ಮಲಗೋಕೆ ಮೂರು ಗಂಟೆ ಮುಂಚೆ ಮುಗಿಸಿ, ಮಂಚದ ತಲೆ ಕಡೆ ಎತ್ತರಿಸಿ, ಡಾಕ್ಟರ್ ಬರೆದ ಆಸಿಡ್ ಮಾತ್ರೆಯನ್ನ ಅವರು ಹೇಳಿದ ಹಾಗೆ, ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ. ಇಲ್ಲಿ ಒಂದು ತೊಡಕಿದೆ. ಒಳಗೆ ಕೆಂಪಗಿದೆ ಅಂದ ಮಾತ್ರಕ್ಕೆ ಆಸಿಡ್ಡೇ ಕಾರಣ ಅಲ್ಲ, ಹೊಗೆಯಿಂದಲೂ ಕೂಗಾಟದಿಂದಲೂ ಕೆಂಪಾಗತ್ತೆ. ಅದಕ್ಕೇ ಸ್ಕೋಪ್ ಮಾಡಿಸದೆ ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ ನುಂಗೋದು ನನಗೆ ತುಂಬಾ ಆತಂಕ ತರೋ ವಿಷಯ, ಯಾಕಂದ್ರೆ ಕಂಡಕ್ಟರಿಗೂ ಹುಳಿ ತೇಗು ಇತ್ತು ನೋಡಿ.

ಅವರ ಬಲ ತಂತಿನ ಮೇಲೆ ಬಿಳಿ ಒರಟು ಮಚ್ಚೆ ಕಂಡಿದೆ ಅಂತಿಟ್ಕೊಳ್ಳಿ. ಬೀಡಿ ಸೇದೋರಲ್ಲಿ ಇದು ಬರೀ ದಪ್ಪಗಾದ ಚರ್ಮ ಇರಬಹುದು, ಕ್ಯಾನ್ಸರ್ ಆಗೋ ಹಾದಿಯಲ್ಲಿರಬಹುದು, ಕ್ಯಾನ್ಸರ್ರೇ ಇರಬಹುದು. ಕಣ್ಣಿಂದ ಹೇಳೋಕಾಗಲ್ಲ, ಅರಿವಳಿಕೆ ಕೊಟ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸ್ತಾರೆ. ಕ್ಯಾನ್ಸರ್ ಅಂತಲೇ ಬಂದ್ರೂ ಅದು ತಂತಿನ ಮೇಲಷ್ಟೇ ಇದ್ದು ತಂತು ಇನ್ನೂ ಓಡಾಡ್ತಿದ್ರೆ ಲೇಸರ್ ಅಥವಾ ರೇಡಿಯೇಷನ್, ಎರಡರಲ್ಲಿ ಒಂದರಿಂದಲೇ ಹೆಚ್ಚಿನವರು ಗುಣ ಆಗ್ತಾರೆ, ಮಾತೂ ಉಳಿಯತ್ತೆ. ಬೇರೆಡೆ ಬರೋ ಎಷ್ಟೋ ಗಂಟಲ ಕ್ಯಾನ್ಸರ್ ದೊಡ್ಡದಾಗೋ ತನಕ ಸುಳಿವೇ ಕೊಡಲ್ಲ, ಧ್ವನಿತಂತಿಂದು ಮಾತ್ರ ಚಿಕ್ಕದಿದ್ದಾಗಲೇ ಧ್ವನಿ ಕೆಡಿಸಿ ಹೇಳತ್ತೆ. ಆ ಅವಕಾಶವನ್ನ ಮಾತ್ರೆ ಬದಲಾಯಿಸ್ತಾ ಕಳೀಬಾರದು.

ಕೆಲವರಲ್ಲಿ ಮಚ್ಚೆ ಗಂಟು ಏನೂ ಇರಲ್ಲ, ಒಂದು ತಂತು ಅಲ್ಲಾಡ್ತಾನೇ ಇರಲ್ಲ, ಧ್ವನಿ ಗಾಳಿ ಗಾಳಿಯಾಗಿ ಬರತ್ತೆ, ನೀರು ಕುಡಿದ್ರೆ ಕೆಮ್ಮು ಬರತ್ತೆ. ಎಡ ತಂತಿನ ನರ ಎದೆಯೊಳಗೆ ಇಳಿದು ಮತ್ತೆ ಕತ್ತಿಗೆ ವಾಪಸ್ ಬರೋದ್ರಿಂದ ಅಂಥವರಿಗೆ ಕತ್ತು ಮತ್ತು ಎದೆಯ ಸಿಟಿ ಸ್ಕ್ಯಾನ್ ಮಾಡಿಸ್ತಾರೆ, ಗಂಟಲ ತೊಂದರೆಗೆ ಎದೆ ಸ್ಕ್ಯಾನ್ ಯಾಕೆ ಅಂತ ಬೇಡ ಅನ್ನಬೇಡಿ.

ಎಲ್ಲ ನಾರ್ಮಲ್ ಅಂತ ರಿಪೋರ್ಟ್ ಬಂದೂ ಒಂದೆರಡು ತಿಂಗಳಲ್ಲಿ ಧ್ವನಿ ಸರಿ ಹೋಗದಿದ್ರೆ ಮತ್ತೆ ಹೋಗಿ ಸ್ಟ್ರೋಬೋಸ್ಕೋಪಿ ಆಗತ್ತಾ ಕೇಳಿ. ಅದರಲ್ಲಿ ಮಿನುಗೋ ಬೆಳಕಿಂದ ತಂತುಗಳ ಕಂಪನ ನಿಧಾನವಾಗಿ ಕಾಣೋ ಹಾಗೆ ಮಾಡ್ತಾರೆ, ಮಾಮೂಲಿ ಬೆಳಕಲ್ಲಿ ತಪ್ಪಿಹೋದ ಗಡಸು ಜಾಗ ಅಲ್ಲಿ ಸಿಗಬಹುದು.