ಹಳೆಯ ಪ್ಯಾಂಟೇ ಅಳತೆಗೋಲು

ಜಯನಗರದ ದರ್ಜಿ ನನ್ನ ಪ್ಯಾಂಟಿನ ಉದ್ದವನ್ನು ಪ್ರತಿ ಸಲವೂ '40' ಎಂದೇ ಬರೆದುಕೊಳ್ಳುತ್ತಿದ್ದರು. ಮೊದಲ ಬಾರಿ ಮೊಬೈಲಿನಲ್ಲಿ ಪ್ಯಾಂಟ್ ತರಿಸಲು ಹೋದಾಗ ಅಲ್ಲಿ 34ಕ್ಕಿಂತ ಹೆಚ್ಚಿನ ಉದ್ದವೇ ಇರಲಿಲ್ಲ. ಇದ್ದುದರಲ್ಲಿ ದೊಡ್ಡದನ್ನೇ ತರಿಸಿದೆ. ತೊಟ್ಟು ನೋಡಿದರೆ ಪಾದದ ಮೇಲೆ ಬಟ್ಟೆ ಬಳೆಗಳಂತೆ ಸುರುಳಿ ಸುತ್ತಿಕೊಂಡಿತ್ತು.

ತಪ್ಪು ದರ್ಜಿಯದಲ್ಲ. ಅವರು ಅಳೆಯುವುದು ಹೊರಬದಿಯ ಉದ್ದವನ್ನು, ಅಂದರೆ ಸೊಂಟಪಟ್ಟಿಯ ಮೇಲಂಚಿನಿಂದ ಕೆಳಗಿನ ಮಡಿಕೆಯವರೆಗೆ. ಸಿದ್ಧ ಉಡುಪಿನ ಚೀಟಿಯಲ್ಲಿ '32/30' ಎಂದಿದ್ದರೆ ಎರಡನೆಯದು ಇನ್‌ಸೀಮ್, ಅಂದರೆ ಕಾಲಿನ ಒಳಬದಿಯ ಉದ್ದ. ಎರಡಕ್ಕೂ ಸುಮಾರು ಹತ್ತು ಇಂಚಿನ ಅಂತರ.

ಆದ್ದರಿಂದ ನಿಮಗೆ ಸರಿಯಾಗಿ ಹೊಂದುವ ಒಂದು ಪ್ಯಾಂಟನ್ನೇ ಅಳೆಯಿರಿ. ಒಗೆದು ಒಣಗಿದ್ದು ಇರಲಿ. ಹೊಸದಾಗಿ ಜೀನ್ಸ್ ಕೊಳ್ಳುವುದಾದರೆ ಜೀನ್ಸನ್ನೇ ಅಳೆಯಿರಿ. ಹಾಸಿಗೆ ಬೇಡ, ಮೆತ್ತಗಿದ್ದರೆ ಬಟ್ಟೆ ಕುಸಿಯುತ್ತದೆ. ಊಟದ ಮೇಜು ಅಥವಾ ನೆಲ ಸರಿ.

ಗುಂಡಿ, ಜಿಪ್ ಹಾಕಿ ಮಲಗಿಸಿ. ಸೊಂಟಪಟ್ಟಿಯ ಹಿಂಭಾಗ ಸಾಮಾನ್ಯವಾಗಿ ಮುಂಭಾಗಕ್ಕಿಂತ ಎತ್ತರವಾಗಿರುತ್ತದೆ. ಎರಡರ ಮೇಲಂಚನ್ನೂ ಸಮವಾಗಿ ಕೂಡಿಸಿ, ಎಳೆಯದೆ, ಈ ತುದಿಯಿಂದ ಆ ತುದಿಗೆ ಟೇಪು ಹಿಡಿದು ಬಂದದ್ದನ್ನು ಎರಡರಿಂದ ಗುಣಿಸಿ. ಇಲ್ಲಿ ಕಾಲು ಇಂಚು ತಪ್ಪಿದರೂ ಲೆಕ್ಕದಲ್ಲಿ ಅರ್ಧ ಇಂಚಾಗುತ್ತದೆ, ಹಾಗಾಗಿ ಎರಡು ಸಲ ಅಳೆಯುವುದು ಒಳ್ಳೆಯದು. ನನ್ನದು 17 ಇಂಚು ಬಂತು, ಅಂದರೆ ಸುತ್ತಳತೆ 34. ಚೀಟಿಯಲ್ಲಿ ಮಾತ್ರ 32 ಎಂದಿದೆ! ಗಿರಾಕಿಯ ಮನಸ್ಸು ನೋಯಬಾರದೆಂದು ಕಂಪನಿಗಳು ಹೀಗೆ ಸಂಖ್ಯೆಯನ್ನು ಇಳಿಸುವುದುಂಟು. ಆದ್ದರಿಂದ ಚೀಟಿಯ ಸಂಖ್ಯೆಯನ್ನು ಬಿಟ್ಟು, ಮಾರುವವರು ಕೊಟ್ಟಿರುವ ಅಳತೆಪಟ್ಟಿಯಲ್ಲಿ ಉಡುಪಿನ ಸೊಂಟ ಎಷ್ಟೆಂದು ಹುಡುಕಿ. ಅಲ್ಲಿ ದೇಹದ ಅಳತೆ ಕೊಟ್ಟಿದ್ದರೆ ಈ 34 ಅನ್ನು ಅದಕ್ಕೆ ಹೋಲಿಸಬೇಡಿ.

ಈಗ ಇನ್‌ಸೀಮ್. ಒಂದು ಕಾಲನ್ನು ಮೇಲಕ್ಕೆ ಮಡಚಿ ಪಕ್ಕಕ್ಕೆ ಸರಿಸಿದರೆ ಇನ್ನೊಂದರ ಒಳಹೊಲಿಗೆ ಕಾಣುತ್ತದೆ. ತೊಡೆಗಳ ನಡುವೆ ನಾಲ್ಕು ಹೊಲಿಗೆಗಳು ಕೂಡುವ ಜಾಗದಿಂದ ಕೆಳಗಿನ ಅಂಚಿನವರೆಗೆ ಆ ಹೊಲಿಗೆಯ ಮೇಲೆಯೇ ಟೇಪು ಓಡಿಸಿ. ನನ್ನದು 29.5. ಅದೇ ಕೂಡುಜಾಗದಿಂದ ಮುಂಭಾಗದ ಸೊಂಟಪಟ್ಟಿಯ ಮೇಲಂಚಿಗೆ 10.5 ಇಂಚು. ಎರಡನ್ನೂ ಕೂಡಿಸಿ ನೋಡಿ, ದರ್ಜಿಯ 40 ಸಿಕ್ಕಿತು.

ಈ 10.5 ಅನ್ನೂ ಬರೆದಿಡಿ. ಹೊಸ ಪ್ಯಾಂಟಿನಲ್ಲಿ ಅದು 9 ಇದ್ದರೆ, ಪಟ್ಟಿ ಸೊಂಟದ ಕೆಳಗೆ, ದೇಹ ಅಗಲವಾಗಿರುವಲ್ಲಿ ಕೂರುತ್ತದೆ. ಅದೇ 34 ಆಗ ಬಿಗಿಯೆನಿಸುತ್ತದೆ.

29.5 ಸಿಗದಿದ್ದರೆ 30 ತರಿಸಿ. ಹತ್ತಿಯದಾದರೆ ಒಮ್ಮೆ ಒಗೆದ ಮೇಲೆಯೇ ಆಲ್ಟರೇಷನ್‌ಗೆ ಕೊಡಿ. ಮಿಕ್ಕ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಚಿ ಹೊಲಿಯಲು ಹೇಳಿ. ಮುಂದೆ ಇನ್ನಷ್ಟು ಕುಗ್ಗಿದರೆ ಅದನ್ನು ಬಿಚ್ಚಿ ಇಳಿಸಿಕೊಳ್ಳಬಹುದು.