ಭೋಜ್‌ಪುರಿ ಅಜ್ಜಿ ಹಿಂದಿ ಕಥೆಯಲ್ಲಿ ಮಾತಾಡುವುದು ಹೇಗೆ?

ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಕೆಲವು ವರ್ಷ ಬಲಿಯಾದಲ್ಲಿದ್ದೆ. ಉತ್ತರ ಪ್ರದೇಶದ ಪೂರ್ವದ ತುದಿ ಅದು. ಗಂಗೆ ದಾಟಿದರೆ ಬಿಹಾರ. ಅಲ್ಲಿದ್ದಾಗ ಹಿಂದಿಯಲ್ಲಿ ಕಥೆ ಬರೆಯುವ ಹುಚ್ಚು ಹತ್ತಿತು. ಮೊದಲ ಕಥೆಯಲ್ಲಿ ಪಿಂಚಣಿ ಕೇಳಲು ಬ್ಯಾಂಕಿಗೆ ಬಂದ ಒಬ್ಬ ಅಜ್ಜಿ ಇದ್ದಳು. ಅವಳ ಬಾಯಲ್ಲಿ ಈ ಮಾತು ಹಾಕಿದ್ದೆ:

"ಸಾಹೇಬ್, ಹಮ್‌ಕಾ ಪಿನ್ಸನ್‌ವಾ ನಾಹೀಂ ಮಿಲಾ ಹೈ. ಬೈಂಕ್‌ವಾ ಮೇಂ ಪಯಿಸ್‌ವಾ ಕಬ್ ಆವೇಗಾ?"

ಪಿಂಚಣಿ ಬಂದಿಲ್ಲ, ದುಡ್ಡು ಯಾವಾಗ ಬರುತ್ತೆ ಅಂತ ಅರ್ಥ. ಪಕ್ಕದ ಮೇಜಿನ ಗೆಳೆಯ ಅದೇ ಊರಿನವನು. ಓದಿ ಜೋರಾಗಿ ನಕ್ಕ. ಆಮೇಲೆ ಕೇಳಿದ, "ಈ ಮುದುಕಿ ಯಾವ ಊರಿನವಳು? ನಮ್ಮೂರಿನವಳಂತೂ ಅಲ್ಲ."

ಅವನು ಹೇಳಿದ್ದು ಸರಿ. 'ಹಮ್‌ಕಾ' ಅನ್ನೋದು ಅವಧಿ ಭಾಷೆಯ ಮಾತು, ಲಖನೌ, ಅಯೋಧ್ಯೆಯ ಕಡೆಯದು. 'ಮಿಲಾ ಹೈ' ಶುದ್ಧ ಹಿಂದಿ. 'ಆವೇಗಾ' ಎರಡೂ ಅಲ್ಲ. ಮೂರು ಪದಕ್ಕೆ 'ವಾ' ಬಾಲ ಬೇರೆ. ಸಿನಿಮಾದ ಕಾವಲುಗಾರ, ಮನೆಯಾಳುಗಳ ಬಾಯಿಂದ ನಾನು ಎತ್ತಿಕೊಂಡ ಕಲಬೆರಕೆ ಅದು. ಬೆಂಗಳೂರಿನ ನಾಟಕದಲ್ಲಿ ಪ್ರತಿ ಪದಕ್ಕೂ ಒಂದು 'ರೀ' ಸೇರಿಸಿ, ಧಾರವಾಡದ ಕನ್ನಡ ಮುಗೀತು ಅಂದುಕೊಳ್ಳುತ್ತಾರಲ್ಲ, ಹಾಗೆ.

ಅದೇ ಅಜ್ಜಿಯನ್ನು ಮತ್ತೆ ಮಾತಾಡಿಸಲು ನಾನು ಹಿಡಿದ ದಾರಿ ಇಲ್ಲಿದೆ.

ಮೊದಲು ಜಿಲ್ಲೆ, ಆಮೇಲೆ ಮಾತು

2011ರ ಜನಗಣತಿಯಲ್ಲಿ ಸುಮಾರು 5 ಕೋಟಿ ಜನ ತಮ್ಮ ತಾಯ್ನುಡಿ ಭೋಜ್‌ಪುರಿ ಎಂದು ಬರೆಸಿದ್ದಾರೆ. ಆದರೆ ಲೆಕ್ಕದಲ್ಲಿ ಅವರೆಲ್ಲ ಹಿಂದಿಯ ಕೆಳಗೆ ಸೇರುತ್ತಾರೆ. ಹಾಗಾಗಿ ಇದನ್ನು ಹಾಳಾದ ಹಿಂದಿ ಅಂತ ತಿಳಿಯುವವರೇ ಜಾಸ್ತಿ. ನೂರು ವರ್ಷದ ಹಿಂದೆ ಭಾಷೆಗಳ ಸಮೀಕ್ಷೆ ಮಾಡಿದ ಗ್ರಿಯರ್ಸನ್ ಇದನ್ನು ಮೈಥಿಲಿ, ಮಗಹಿ ಜೊತೆ ಬೇರೆಯೇ ಗುಂಪಿನಲ್ಲಿ ಇಟ್ಟಿದ್ದರು.

ಭೋಜ್‌ಪುರಿಯೂ ಎಲ್ಲ ಕಡೆ ಒಂದೇ ಥರ ಇಲ್ಲ. ಬಲಿಯಾ, ಛಪ್ರಾ ಕಡೆ 'ಹೇಗಿದೀರಿ' ಅನ್ನೋದಕ್ಕೆ "ಕಾ ಹಾಲ್ ಬಾ?" ಅನ್ನುತ್ತಾರೆ. ಬನಾರಸ್‌ನಲ್ಲಿ "ಕಾ ಹಾಲ್ ಹೌ?" ನಿಮ್ಮ ಪಾತ್ರದ ಊರು ಯಾವುದು ಅಂತ ಗಟ್ಟಿ ಮಾಡಿಕೊಂಡರೆ 'ಬಾ' ಬೇಕೋ 'ಹೌ' ಬೇಕೋ ಅನ್ನೋದು ತಾನೇ ತೀರ್ಮಾನವಾಗುತ್ತದೆ. ನನ್ನ ಅಜ್ಜಿ ಬಲಿಯಾದವಳು. ಆದ್ದರಿಂದ 'ಬಾ'.

ಕಾಗುಣಿತ ಕೆಡಿಸಬೇಡಿ, ಕ್ರಿಯಾಪದ ಸರಿ ಮಾಡಿ

ಗೇಲಿ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಹಳ್ಳಿಯವರ ಮಾತು ಅಂದ ಕೂಡಲೇ ಲೇಖಕರು 'ಶಹರ್' ಅನ್ನು 'ಸಹರ್' ಅಂತ ಬರೆಯುತ್ತಾರೆ. ಆದರೆ ಆ ಕಡೆ ಓದಿದ ಗುಮಾಸ್ತನ ಬಾಯಲ್ಲೂ ಎಷ್ಟೋ ಸಲ ಅದು 'ಸಹರ್' ಅಂತಲೇ ಬರುತ್ತದೆ. ಅವನಿಗೆ 'ಶ', ಅಜ್ಜಿಗೆ 'ಸ' ಕೊಟ್ಟರೆ ನೀವು ಉಚ್ಚಾರಣೆ ತೋರಿಸಲಿಲ್ಲ, ಅಜ್ಜಿ ಓದಿಲ್ಲ ಅಂತ ಬೆರಳು ಮಾಡಿ ತೋರಿಸಿದಿರಿ. ನಾನು ಪಾಲಿಸುವ ನಿಯಮ ಇಷ್ಟೇ: ಬರೀ ಉಚ್ಚಾರಣೆ ಬೇರೆ ಆಗಿದ್ದರೆ ಹಿಂದಿಯ ಕಾಗುಣಿತವನ್ನೇ ಉಳಿಸುವುದು. ಪದವೋ ವ್ಯಾಕರಣವೋ ಬೇರೆ ಆದಾಗ ಮಾತ್ರ ಬದಲಿಸುವುದು.

ಭೋಜ್‌ಪುರಿಯ ರುಚಿ ಇರುವುದು ಕ್ರಿಯಾಪದದಲ್ಲಿ. ಅಜ್ಜಿಯ ಮಾತು ಅವಳ ಭಾಷೆಯಲ್ಲಿ ಹೀಗಿರುತ್ತದೆ:

"ಬಾಬೂ, ಹಮಾರ್ ಪೆನ್ಶನ್ ಅಬಹೀಂ ಲೇ ನಯಿಖೇ ಆಯಿಲ್. ಕಬ್ ಆಯೀ?"

'ನಯಿಖೇ ಆಯಿಲ್' ಅಂದರೆ ಬಂದಿಲ್ಲ. 'ಆಯೀ' ಅಂದರೆ ಬರುತ್ತದೆ, ಮುಂದಿನ ಕಾಲ. ಇಲ್ಲಿ ಒಂದೂ 'ವಾ' ಇಲ್ಲ. ಕೆಡಿಸಿದ ಕಾಗುಣಿತ ಇಲ್ಲ. ಇಡೀ ವಾಕ್ಯ ತನ್ನದೇ ವ್ಯಾಕರಣದಲ್ಲಿ ನೆಟ್ಟಗೆ ನಿಂತಿದೆ. ಓದುವವನಿಗೆ ಇವಳು ಹಿಂದಿ ಬಾರದವಳು ಅನ್ನಿಸುವುದಿಲ್ಲ, ಬೇರೆ ಭಾಷೆಯವಳು ಅನ್ನಿಸುತ್ತದೆ.

ಹಾಗಂತ 'ವಾ' ಸುಳ್ಳಲ್ಲ. 'ಲಯಿಕ್‌ವಾ' ಅಂದರೆ ಆ ಹುಡುಗ, ನಮಗೆ ಗೊತ್ತಿರುವವನು. ಸಲುಗೆ ಇದ್ದಲ್ಲಿ ಅದು ಬರುತ್ತದೆ, ತಾತ್ಸಾರ ಇದ್ದಲ್ಲೂ ಬರುತ್ತದೆ. ಎದುರಿಗಿರುವ ಸಾಹೇಬನ ಮುಂದೆ ಅಜ್ಜಿ ಅದನ್ನು ಸುಮ್ನೆ ಎಲ್ಲದಕ್ಕೂ ಅಂಟಿಸಿಕೊಂಡು ಕೂರುವುದಿಲ್ಲ. ಮನೆಗೆ ಹೋಗಿ ಸೊಸೆಯ ಹತ್ತಿರ "ಮನೇಜರ್‌ವಾ ತ ಸುನ್‌ತೇ ನಯಿಖೇ" ಅಂದರೆ ಮಾತ್ರ ಸರಿಯಾದ ಜಾಗದಲ್ಲಿ ಬಂತು. 'ಆ ಮ್ಯಾನೇಜರ್ ಕಿವೀಗೇ ಹಾಕ್ಕೊಳಲ್ಲ' ಅಂತ. ಈಗ ಆ ಬಾಲದಿಂದ ಚಿಕ್ಕವನಾದವನು ಮ್ಯಾನೇಜರ್.

ಯಾರು ಯಾರಿಗೆ ಹೇಳುತ್ತಿದ್ದಾರೆ?

ನನ್ನ ಗೆಳೆಯ ಇನ್ನೊಂದು ಮಾತು ಹೇಳಿದ. "ನಮ್ಮಜ್ಜಿ ಬ್ಯಾಂಕಿಗೆ ಬಂದರೆ ಭೋಜ್‌ಪುರಿಯಲ್ಲಿ ಮಾತಾಡಲ್ಲ. ತನಗೆ ಬರುವ ಹಿಂದಿಯಲ್ಲಿ ಮಾತಾಡ್ತಾಳೆ." ಇದು ನನಗೆ ಹೊಳೆದೇ ಇರಲಿಲ್ಲ. ಕಚೇರಿ, ಆಸ್ಪತ್ರೆ, ಪೊಲೀಸ್ ಠಾಣೆಯಲ್ಲಿ ಜನ ಹಿಂದಿ ಆಡುತ್ತಾರೆ. ಆದರೆ ಅದರ ಒಳಗಿನ ಲೆಕ್ಕ ಭೋಜ್‌ಪುರಿಯದು. ಹೀಗೆ:

"ಬಾಬೂ, ಹಮಾರಾ ಪೆನ್ಶನ್ ಅಭೀ ತಕ್ ನಹೀಂ ಆಯಾ. ದೂ ಮಹೀನಾ ಹೋ ಗಯಾ. ಆಪ್ ಹೀ ತ ಕಹೇ ಥೇ ಕಿ ಸೋಮವಾರ್ ಕೋ ಆಯೇಗಾ."

'ಪಿಂಚಣಿ ಇನ್ನೂ ಬಂದಿಲ್ಲ, ಎರಡು ತಿಂಗಳಾಯ್ತು. ಸೋಮವಾರ ಬರುತ್ತೆ ಅಂತ ನೀವೇ ಹೇಳಿದ್ರಲ್ಲ' ಅಂತ. ಪುಸ್ತಕದ ಹಿಂದಿಯಲ್ಲಿ 'ದೋ ಮಹೀನೇ ಹೋ ಗಯೇ' ಆಗಬೇಕು. 'ಆಪ್ ನೇ ಕಹಾ ಥಾ' ಆಗಬೇಕು. ಭೋಜ್‌ಪುರಿಯಲ್ಲಿ ಈ 'ನೇ' ಇಲ್ಲವೇ ಇಲ್ಲ. ಹಾಗಾಗಿ ಅಲ್ಲಿನವರ ಹಿಂದಿಯಿಂದ ಅದು ತಾನಾಗಿ ಉದುರಿ ಹೋಗುತ್ತದೆ, ಪ್ರೊಫೆಸರರ ಬಾಯಿಂದಲೂ. ತನ್ನನ್ನು 'ಮೈಂ' ಅನ್ನದೆ 'ಹಮ್' ಅಂದುಕೊಳ್ಳುವುದೂ ಹಾಗೆಯೇ. ಅದು ರಾಜನ ಜಂಬ ಅಲ್ಲ, ಬರೀ 'ನಾನು'.

ಕಥೆಗಾರನಿಗೆ ಇದರಿಂದ ಲಾಭವಿದೆ. ದಿಲ್ಲಿಯ ಓದುಗನಿಗೆ ಒಂದು ಪದವೂ ಅಡ್ಡ ಬರುವುದಿಲ್ಲ, ಆದರೂ ಊರು ಕೇಳಿಸುತ್ತದೆ. ಸಂಭಾಷಣೆಯ ಮುಕ್ಕಾಲು ಭಾಗ ಈ ಪೂರ್ವದ ಹಿಂದಿಯಲ್ಲೇ ನಡೆಯಲಿ. ಅಪ್ಪಟ ಭೋಜ್‌ಪುರಿಯನ್ನು ಮನೆಯವರ ನಡುವಿನ ಚಿಕ್ಕ ಸಾಲುಗಳಿಗೆ ಇಟ್ಟುಕೊಳ್ಳಿ. ಅಜ್ಜಿ ಮೊಮ್ಮಗನ ಕಡೆ ತಿರುಗಿ "ಕಹತ್ ಬಾಡನ್ ಕಿ ಅಗಿಲಾ ಹಫ್ತಾ ಆಯೀ" ಅನ್ನುತ್ತಾಳೆ. 'ಮುಂದಿನ ವಾರ ಬರುತ್ತೆ ಅಂತಿದಾರೆ.' ಗುಮಾಸ್ತ ಈಗಷ್ಟೇ ಅದನ್ನೇ ಹಿಂದಿಯಲ್ಲಿ ಹೇಳಿರುವುದರಿಂದ ಆವರಣದಲ್ಲಿ ಅರ್ಥ ಕೊಡುವ ಕೆಲಸವೇ ಇಲ್ಲ. ಆವರಣ ಬಂದರೆ ಪಾತ್ರ ಮ್ಯೂಸಿಯಂ ಬೊಂಬೆ ಆಗುತ್ತದೆ.

'ತೂ' ಬಗ್ಗೆ ಎಚ್ಚರ

ಹಿಂದಿಯ 'ತೂ' ನಮ್ಮ 'ನೀನು'ಗಿಂತ ಒರಟು. ಭೋಜ್‌ಪುರಿಯ 'ತೂ' ಹಾಗಲ್ಲ, ಹಿಂದಿಯ 'ತುಮ್'ಗೆ ಸಮ. ಅದಕ್ಕಿಂತ ಕೆಳಗೆ 'ತೇಂ' ಇದೆ, ಮೇಲೆ 'ರಉವಾ' ಇದೆ. 'ಏನು ಮಾಡ್ತಿದೀಯ' ಅನ್ನುವ ಒಂದೇ ಪ್ರಶ್ನೆ ಮೂರು ಥರ ಬರುತ್ತದೆ: "ತೇಂ ಕಾ ಕರತ್ ಬಾಡೇ?", "ತೂ ಕಾ ಕರತ್ ಬಾಡಽ?", "ರಉವಾ ಕಾ ಕರತ್ ಬಾನೀ?" ಕೊನೆಯದು 'ಏನು ಮಾಡ್ತಿದೀರಿ'.

ಇದು ಗೊತ್ತಿಲ್ಲದೆ ಬರೆದರೆ ಮೊಮ್ಮಗ ಅಜ್ಜಿಗೆ 'ತೂ' ಅಂದಾಗ ಹಿಂದಿ ಓದುಗ ಬೆಚ್ಚುತ್ತಾನೆ, ಹಳ್ಳಿಯವರಿಗೆ ಮರ್ಯಾದೆ ಗೊತ್ತಿಲ್ಲ ಅಂದುಕೊಳ್ಳುತ್ತಾನೆ. ನಾನು ಸರ್ವನಾಮವನ್ನೇ ಬಿಟ್ಟು ಕ್ರಿಯಾಪದವನ್ನು ಮುಂದೆ ಮಾಡಿದೆ: "ಚಲಽ ಆಜೀ." 'ನಡಿ ಅಜ್ಜಿ.' ಆ ಅವಗ್ರಹ ಚಿಹ್ನೆ ಅಲಂಕಾರಕ್ಕಲ್ಲ. ಕೊನೆಯ ಸ್ವರವನ್ನು ನುಂಗದೆ ಎಳೆಯಬೇಕು ಅಂತ ಅದರ ಅರ್ಥ. ಬಿಟ್ಟರೆ ಹಿಂದಿ ಓದುಗ 'ಚಲ್' ಅಂತ ಓದುತ್ತಾನೆ, ಅದು ಗದರಿಕೆಯಾಗುತ್ತದೆ.

ಗುಮಾಸ್ತನಿಗೂ ಅಮ್ಮ ಇದ್ದಾಳೆ

ನನ್ನ ಮೊದಲ ಕಥೆಯಲ್ಲಿ ಭೋಜ್‌ಪುರಿ ಬಡವಳ ಬಾಯಲ್ಲಿ ಮಾತ್ರ ಇತ್ತು. ಗುಮಾಸ್ತ ರೇಡಿಯೋ ವಾರ್ತೆಯ ಹಿಂದಿ ಮಾತಾಡುತ್ತಿದ್ದ. ಅವನೂ ಬಲಿಯಾದವನೇ ಅಲ್ವಾ? ಹೊಸ ಆವೃತ್ತಿಯಲ್ಲಿ ಅವನು ಕೌಂಟರಿನಲ್ಲಿ "ಮಾತಾಜೀ, ಕೇವೈಸಿ ನಹೀಂ ಹುಆ ಹೈ" ಅನ್ನುತ್ತಾನೆ. ಅಷ್ಟರಲ್ಲಿ ಫೋನ್ ಬರುತ್ತದೆ. ಅವನು ದನಿ ತಗ್ಗಿಸಿ, "ಹಂ ಮಾಯೀ, ಸಾಂಝ್ ಲೇ ಆ ಜಾಯಿಬ್" ಅನ್ನುತ್ತಾನೆ. 'ಹೂಂ ಅಮ್ಮ, ಸಂಜೆ ಹೊತ್ತಿಗೆ ಬರ್ತೀನಿ.'

ಅಜ್ಜಿಗೆ ಅದು ಕೇಳಿಸುತ್ತದೆ. ಇಲ್ಲಿಯವರೆಗೆ 'ಆಪ್' ಅನ್ನುತ್ತಿದ್ದವಳು ಈಗ ಕೇಳುತ್ತಾಳೆ: "ತೋಹಾರ್ ಘರ್ ಕಹಾಂ ಬಾ, ಬಬುಆ?" 'ನಿನ್ನ ಮನೆ ಎಲ್ಲಪ್ಪಾ?'

ಗುಮಾಸ್ತ ಅರೆಕ್ಷಣ ತಡೆಯುತ್ತಾನೆ. "ರಸಡಾ." ಅದೇ ಜಿಲ್ಲೆಯ ಊರು. ಒಂದೇ ಪದ, ಹಿಂದಿಯೂ ಅಲ್ಲ ಭೋಜ್‌ಪುರಿಯೂ ಅಲ್ಲ. ಆಮೇಲೆ ಫೈಲ್ ಎಳೆದುಕೊಂಡು ಅನ್ನುತ್ತಾನೆ, "ಬಯಿಠೀಂ, ದೇಖತ್ ಬಾನೀ." 'ಕೂತ್ಕೊಳ್ಳಿ, ನೋಡ್ತೀನಿ.' ಅವಳು ಅವನನ್ನು 'ನೀನು' ಮಾಡಿಕೊಂಡಳು. ಅವನು ಅವಳಿಗೆ 'ರಉವಾ' ಮಟ್ಟದ ಮರ್ಯಾದೆ ಕೊಟ್ಟ. ಕರುಣೆ, ನಾಚಿಕೆ ಅಂತ ಒಂದು ಸಾಲೂ ಬರೆಯದೆ ಸಂಬಂಧ ಬದಲಾಯಿತು. ನಿರೂಪಕ ಇಲ್ಲಿ 'ತನ್ನ ಹಳ್ಳಿ ಭಾಷೆಯಲ್ಲಿ ಹೇಳಿದಳು' ಅಂತ ತಲೆ ಹಾಕಿದರೆ ಎಲ್ಲ ಕೆಡುತ್ತದೆ. 'ಹೇಳಿದಳು' ಸಾಕು.

ನಗು ಎಲ್ಲಿಂದ ಬಂತು?

ಗೇಲಿ ಬೇಡ ಅಂದರೆ ಅಜ್ಜಿ ತಮಾಷೆ ಮಾಡಬಾರದು ಅಂತಲ್ಲ. ಹಾಗೆ ಮಾಡಿದರೆ ಅವಳು ಬರೀ ಅಯ್ಯೋ ಪಾಪದ ಅಜ್ಜಿ ಆಗುತ್ತಾಳೆ, ಅದೂ ಒಂದು ಥರದ ಅವಮಾನ. ನನ್ನ ಕಥೆಯಲ್ಲಿ ಗುಮಾಸ್ತ ಮೂರನೇ ಸಲ "ಸರ್ವರ್ ಡೌನ್ ಹೈ" ಅಂದಾಗ ಅವಳು, "ಡೌನ್ ಹೈ ತ ಉಠಾ ದೀಜಿಯೇ ನಾ" ಅನ್ನುತ್ತಾಳೆ. ಬಿದ್ದಿದ್ದರೆ ಎತ್ತಿ ಅಂತ.

ಇಂಥ ಸಾಲು ಬಂದಾಗ ಅದನ್ನು ಪುಸ್ತಕದ ಹಿಂದಿಗೆ ತಿರುಗಿಸಿ ನೋಡಿ. ನಗು ಉಳಿದರೆ ಅದು ಪಾತ್ರದ ಚುರುಕು. ನಗು ಮಾಯವಾದರೆ ನೀವು ನಗಿಸಿದ್ದು ಬರೀ ಭಾಷೆಯ ಸದ್ದಿನಿಂದ. ಈ ಸಾಲು ಉಳಿಯಿತು. ಆದರೂ ಒಂದು ಅನುಮಾನ ಇತ್ತು: ಓದುಗ ಅವಳ ಅಜ್ಞಾನಕ್ಕೆ ನಗಬಹುದಲ್ಲ? ಅದಕ್ಕೇ 'ಮೂರನೇ ಸಲ' ಅನ್ನೋದು ಮುಖ್ಯ. ಮೊದಲನೇ ಸಲವೇ ಅಂದಿದ್ದರೆ ಅವಳಿಗೆ ಸರ್ವರ್ ಅಂದರೆ ಗೊತ್ತಿಲ್ಲ ಅಂತಾಗುತ್ತಿತ್ತು. ಮೂರನೇ ಸಲ ಅಂದಾಗ ಅವಳಿಗೆ ಎಲ್ಲ ಗೊತ್ತು.

ಕೊನೆಗೆ ಗೆಳೆಯನಿಗೆ ಮತ್ತೆ ಓದಲು ಕೊಟ್ಟೆ, ಜೋರಾಗಿ ಓದು ಅಂದೆ. ಕಣ್ಣಿಗೆ ಸರಿ ಕಂಡದ್ದು ನಾಲಿಗೆಗೆ ಸಿಕ್ಕಾಗ ಎಡವುತ್ತದೆ. ಅವನು ಒಂದೇ ಕಡೆ ನಿಂತ. ಮೊಮ್ಮಗನಿಗೆ ಹೇಳುವ ಸಾಲಿನಲ್ಲಿ ನಾನು ಆಗ 'ಅಗಲಾ ಹಫ್ತಾ' ಅಂತ ಬರೆದಿದ್ದೆ. ಪೆನ್ನು ತೆಗೆದು ಅದನ್ನು 'ಅಗಿಲಾ' ಮಾಡಿದ. "ಸರ್ವರ್ ಡೌನ್" ಬಂದಾಗ ನಕ್ಕ. "ರಸಡಾ" ಬಂದಾಗ ನಗಲಿಲ್ಲ, ಅವನ ಅಮ್ಮನ ತವರು ಅದೇ ಅಂದ.